ಫಾರ್ವರ್ಡರ್, ಕ್ಲಿಯರಿಂಗ್ ಏಜೆಂಟ್, ಕ್ಯಾರಿಯರ್: ಆಮದು ಸರಕು ಸಿಕ್ಕಿಬಿದ್ದಾಗ ಯಾರನ್ನು ಕೇಳಬೇಕು?

ಹಡಗು ಬಂದರು ತಲುಪಿದೆ ಎಂದು ಟ್ರ್ಯಾಕಿಂಗ್ ತೋರಿಸುತ್ತಿದೆ. ಐದು ದಿನ ಕಳೆದರೂ ಸರಕು ಕೈಗೆ ಬಂದಿಲ್ಲ. ಹಡಗು ಕಂಪನಿಗೆ ಫೋನ್ ಮಾಡಿದರೆ ‘ನಿಮ್ಮ ಹೆಸರಲ್ಲಿ ಯಾವ ಬುಕಿಂಗೂ ಇಲ್ಲ’ ಅನ್ನುತ್ತಾರೆ. ಫಾರ್ವರ್ಡರನ್ನು ಕೇಳಿದರೆ ‘ಕಸ್ಟಮ್ಸ್ ಆಗಬೇಕು’ ಅನ್ನುತ್ತಾರೆ. ಕ್ಲಿಯರಿಂಗ್ ಏಜೆಂಟನ್ನು ಕೇಳಿದರೆ ‘ಡೆಲಿವರಿ ಆರ್ಡರ್ ಬಂದಿಲ್ಲ’ ಅನ್ನುತ್ತಾರೆ. ಮೂವರೂ ಹೇಳುತ್ತಿರುವುದು ನಿಜವೇ ಇರಬಹುದು. ಆದರೆ ಅಷ್ಟರಲ್ಲಿ ಗೋದಾಮಿನ ಬಾಡಿಗೆ ಏರುತ್ತಾ ಹೋಗುತ್ತದೆ, ಅದನ್ನು ಕಟ್ಟುವವರು ನೀವು.

ಮೊದಲ ಸಲ ಆಮದು ಮಾಡುವ ಸಣ್ಣ ವ್ಯಾಪಾರಿಗೆ ಈ ಮೂವರೂ ಒಂದೇ ಥರ ಕಾಣುತ್ತಾರೆ. ಎಲ್ಲರೂ ಸರಕು ತರಿಸಿಕೊಡುವವರೇ, ಎಲ್ಲರೂ ಬಿಲ್ ಕಳಿಸುವವರೇ. ಆದರೆ ಮೂವರ ಕೈಯಲ್ಲಿ ಇರುವುದು ಬೇರೆ ಬೇರೆ ಕೆಲಸ. ಯಾವ ಕಾಗದ ಯಾರ ಹತ್ತಿರ ಇದೆ ಅಂತ ತಿಳಿದರೆ, ಸರಕು ಎಲ್ಲಿ ನಿಂತಿದೆ ಅನ್ನುವುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

## ಯಾರು ಏನು ಮಾಡುತ್ತಾರೆ

ಕ್ಯಾರಿಯರ್ ಅಂದರೆ ಸರಕನ್ನು ನಿಜವಾಗಿ ಸಾಗಿಸುವವರು. ಹಡಗು ಕಂಪನಿ, ವಿಮಾನ ಕಂಪನಿ, ಲಾರಿ ಕಂಪನಿ ಎಲ್ಲ ಇದರಲ್ಲಿ ಬರುತ್ತವೆ. ಕಂಟೇನರನ್ನು ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಮುಟ್ಟಿಸುವುದು ಅವರ ಕೆಲಸ. ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ, ಅದಕ್ಕೆ ಸುಂಕ ಎಷ್ಟು ಅನ್ನುವುದು ಅವರ ತಲೆನೋವಲ್ಲ.

ಫ್ರೈಟ್ ಫಾರ್ವರ್ಡರ್ ಸಾಗಣೆಯನ್ನು ಜೋಡಿಸುವವರು. ಮಾರಾಟಗಾರನ ಬಾಗಿಲಿನಿಂದ ಸರಕು ಎತ್ತಿಸಿ, ಹಡಗಿನಲ್ಲಿ ಜಾಗ ಹಿಡಿದು, ಇಳಿಯುವ ಬಂದರಿನಲ್ಲಿ ತಮ್ಮ ಏಜೆಂಟ್ ಮೂಲಕ ಬಿಡಿಸಿಕೊಡುತ್ತಾರೆ. ಸಾಮಾನ್ಯವಾಗಿ ಅವರ ಹತ್ತಿರ ಸ್ವಂತ ಹಡಗು ಇರುವುದಿಲ್ಲ.

ಕಸ್ಟಮ್ಸ್ ಕ್ಲಿಯರಿಂಗ್ ಏಜೆಂಟ್ ನಿಮ್ಮ ಪರವಾಗಿ ಸುಂಕ ಇಲಾಖೆಗೆ ಘೋಷಣೆ ಸಲ್ಲಿಸುವವರು. ವಸ್ತು ಏನು, ಬೆಲೆ ಎಷ್ಟು, ಎಲ್ಲಿಂದ ಬಂತು ಅಂತ ಬರೆದುಕೊಟ್ಟು, ಸುಂಕ ಲೆಕ್ಕ ಹಾಕಿ, ಪರಿಶೀಲನೆ ಬಂದರೆ ಎದುರು ನಿಂತು, ಇಲಾಖೆಯ ಬಿಡುಗಡೆ ತರುತ್ತಾರೆ. ಸಾಗಣೆಗೂ ಅವರಿಗೂ ಸಂಬಂಧ ಇರಲೇಬೇಕು ಅಂತಿಲ್ಲ.

ಒಂದೇ ಕಂಪನಿ ಎರಡು ಮೂರು ಪಾತ್ರ ಮಾಡುವುದೂ ಸಾಮಾನ್ಯ. ಅದರಲ್ಲಿ ತಪ್ಪೇನೂ ಇಲ್ಲ. ಮೊದಲ ಸಲ ತರಿಸುವವರಿಗೆ ಅದೇ ಸುಲಭ ಅನ್ನುವುದು ನನ್ನ ಅಭಿಪ್ರಾಯ. ಆದರೆ ಕೊಟೇಷನ್‌ನಲ್ಲಿ ಸಾಗಣೆಯ ದರ ಬೇರೆ, ಕ್ಲಿಯರೆನ್ಸ್ ದರ ಬೇರೆ ಬರೆಸಿಕೊಳ್ಳಿ. ‘ಎಲ್ಲ ಸೇರಿ ಇಷ್ಟು’ ಅಂದರೆ ಒಪ್ಪಬೇಡಿ. ಆಮೇಲೆ ಯಾವ ಕೆಲಸ ಸೇರಿತ್ತು, ಯಾವುದು ಬಿಟ್ಟುಹೋಗಿತ್ತು ಅಂತ ಕೇಳಲು ದಾರಿಯೇ ಇರುವುದಿಲ್ಲ.

ಇನ್ನು ಒಂದು ಸರಕನ್ನೇ ಹಿಡಿದು ಹೋಗೋಣ. ಒಬ್ಬ ವ್ಯಾಪಾರಿ ಬೇರೆ ದೇಶದಿಂದ 1,600 ಸ್ಟೀಲ್ ಬಾಟಲಿ ತರಿಸುತ್ತಿದ್ದಾರೆ ಎಂದುಕೊಳ್ಳಿ. ಒಂದು ಪೆಟ್ಟಿಗೆಗೆ 40ರಂತೆ 40 ಪೆಟ್ಟಿಗೆ. ಪ್ರತಿ ಪೆಟ್ಟಿಗೆ 50×40×40 ಸೆಂಟಿಮೀಟರ್, ತೂಕ 18 ಕಿಲೋ. ಎರಡು ಪ್ಯಾಲೆಟ್ ಮೇಲೆ ಇಪ್ಪತ್ತಿಪ್ಪತ್ತು ಜೋಡಿಸಿದ್ದಾರೆ. ಇಷ್ಟಕ್ಕೆ ಪೂರ್ತಿ ಕಂಟೇನರ್ ಬೇಡ. ಹಲವರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ ಬರುತ್ತದೆ. ಇದಕ್ಕೇ ಎಲ್‌ಸಿಎಲ್ ಅನ್ನುವುದು.

## ಹಂತ 1: ಆರ್ಡರ್ ಕೊಡುವ ಮುಂಚೆ, ಫಾರ್ವರ್ಡರ್ ಯಾರ ಕಡೆಯವರು ಅಂತ ನಿರ್ಧರಿಸಿ

ಮಾರಾಟಗಾರ ಎರಡು ಬೆಲೆ ಹೇಳುತ್ತಾನೆ. ಒಂದು ಎಫ್‌ಒಬಿ, ಇನ್ನೊಂದು ಸಿಐಎಫ್. ಎಫ್‌ಒಬಿಯಲ್ಲಿ ಅವನ ದೇಶದ ಬಂದರಿನಲ್ಲಿ ಸರಕು ಹಡಗು ಹತ್ತುವ ತನಕದ ಖರ್ಚು ಅವನದು, ಮುಂದಿನ ಸಾಗಣೆ ನಿಮ್ಮದು. ಸಿಐಎಫ್‌ನಲ್ಲಿ ನಿಮ್ಮ ಬಂದರಿನ ತನಕ ಸಾಗಣೆ ಮತ್ತು ವಿಮೆ ಅವನೇ ಮಾಡುತ್ತಾನೆ. ಕೇಳುವುದಕ್ಕೆ ಸಿಐಎಫ್ ಸುಲಭ ಅನಿಸುತ್ತದೆ, ಅಲ್ವಾ? ಎಷ್ಟೋ ಸಲ ಸಾಗಣೆಗೆ ಅವನು ಸೇರಿಸುವ ಮೊತ್ತ ಆಶ್ಚರ್ಯ ಆಗುವಷ್ಟು ಕಮ್ಮಿ ಇರುತ್ತದೆ.

ಎಡವಟ್ಟಾಗುವುದು ಇಲ್ಲೇ. ಸಿಐಎಫ್ ಅಂದರೆ ಫಾರ್ವರ್ಡರನ್ನು ಆರಿಸಿದ್ದು ಮಾರಾಟಗಾರ. ಹಂಚಿಕೆಯ ಕಂಟೇನರಿನಲ್ಲಿ ಆ ಫಾರ್ವರ್ಡರ್ ಅವನಿಗೆ ಕಮ್ಮಿ ದರ ಕೊಟ್ಟು, ಉಳಿದದ್ದನ್ನು ಇಳಿಯುವ ಬಂದರಿನಲ್ಲಿ ನಿಮ್ಮಿಂದ ವಸೂಲಿ ಮಾಡಬಹುದು. ಕಂಟೇನರ್ ಬಿಚ್ಚಿದ ಖರ್ಚು, ಕಾಗದಪತ್ರದ ಖರ್ಚು, ಡೆಲಿವರಿ ಆರ್ಡರ್ ಖರ್ಚು ಅಂತ ಪಟ್ಟಿ ಬರುತ್ತದೆ. ಆ ದರದ ಬಗ್ಗೆ ನೀವು ಯಾರ ಹತ್ತಿರವೂ ಮಾತಾಡಿರುವುದಿಲ್ಲ. ಸರಕು ಅವರ ಗೋದಾಮಿನಲ್ಲೇ ಇರುವುದರಿಂದ ಚೌಕಾಸಿಗೆ ಜಾಗವೂ ಕಮ್ಮಿ.

ಅದಕ್ಕೇ ಸಣ್ಣ ಸರಕಿಗೆ ನಿಮ್ಮ ಕಡೆಯ ಫಾರ್ವರ್ಡರನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಮಾರಾಟದ ಷರತ್ತು ಎಫ್‌ಒಬಿ ಅಥವಾ ಎಫ್‌ಸಿಎ ಆಗಿರಬೇಕು. ಎಫ್‌ಸಿಎ ಅಂದರೆ ಸರಕನ್ನು ನಿಮ್ಮ ಫಾರ್ವರ್ಡರಿಗೆ ಒಪ್ಪಿಸುವ ತನಕದ ಖರ್ಚು ಮಾರಾಟಗಾರನದು. ಕಂಟೇನರಿನಲ್ಲಿ ಬರುವ ಸರಕಿಗೆ ಎಫ್‌ಸಿಎ ಹೆಚ್ಚು ಸರಿ, ಯಾಕೆಂದರೆ ಮಾರಾಟಗಾರ ಸರಕನ್ನು ಒಪ್ಪಿಸುವುದು ಹಡಗಿನ ಮೇಲೆ ಅಲ್ಲ, ಗೋದಾಮಿನಲ್ಲಿ. ಸಿಐಎಫ್ ಒಪ್ಪಲೇಬೇಕಾಗಿ ಬಂದರೆ, ಇಳಿಯುವ ಬಂದರಿನ ಖರ್ಚಿನ ಪಟ್ಟಿಯನ್ನು ಆರ್ಡರ್‌ಗೆ ಮುಂಚೆಯೇ ಬರಹದಲ್ಲಿ ತರಿಸಿಕೊಳ್ಳಿ. ಕ್ಲಿಯರಿಂಗ್ ಏಜೆಂಟನ್ನಾದರೂ ನೀವೇ ಆರಿಸಿ.

## ಹಂತ 2: ಕೊಟೇಷನ್ ಓದುವುದು

ನಮ್ಮ 40 ಪೆಟ್ಟಿಗೆಯ ಲೆಕ್ಕ ನೋಡಿ. ಒಂದು ಪೆಟ್ಟಿಗೆ 0.08 ಘನ ಮೀಟರ್. ನಲವತ್ತಕ್ಕೆ 3.2 ಘನ ಮೀಟರ್. ಒಟ್ಟು ತೂಕ 720 ಕಿಲೋ. ಹಡಗಿನ ಹಂಚಿಕೆ ಸರಕಿನಲ್ಲಿ 1 ಘನ ಮೀಟರ್ ಮತ್ತು 1,000 ಕಿಲೋ ಸಮ ಅಂತ ಹಿಡಿದು, ಯಾವುದು ಜಾಸ್ತಿಯೋ ಅದಕ್ಕೆ ದರ ಹಾಕುತ್ತಾರೆ. ಇಲ್ಲಿ 3.2 ಮತ್ತು 0.72 ಹೋಲಿಸಿದರೆ ಗಾತ್ರವೇ ಜಾಸ್ತಿ. ದರ 3.2ಕ್ಕೆ ಬೀಳುತ್ತದೆ. ಪ್ಯಾಲೆಟ್ ಮೇಲೆ ಕಟ್ಟಿದರೆ ಪ್ಯಾಲೆಟ್ಟಿನ ಗಾತ್ರವೂ ಸೇರುತ್ತದೆ, ಅದನ್ನು ಮಾರಾಟಗಾರನಿಂದ ಕೇಳಿ ತಿಳಿದುಕೊಳ್ಳಿ.

ವಿಮಾನದಲ್ಲಿ ಲೆಕ್ಕ ಬೇರೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 6,000ದಿಂದ ಭಾಗಿಸುವುದು ವಾಡಿಕೆ. ಒಂದು ಪೆಟ್ಟಿಗೆಗೆ 13.3 ಕಿಲೋ ಬರುತ್ತದೆ. ನಿಜವಾದ ತೂಕ 18 ಕಿಲೋ, ಅದೇ ಜಾಸ್ತಿ. ಹಾಗಾಗಿ ವಿಮಾನದಲ್ಲಿ ಪೂರ್ತಿ 720 ಕಿಲೋಗೆ ದರ.

ಮೂರು ಕಡೆಯಿಂದ ಕೊಟೇಷನ್ ತರಿಸಿದರೆ ಬರೀ ಸಾಗಣೆ ದರವನ್ನು ಹೋಲಿಸಬೇಡಿ. ಹತ್ತುವ ಬಂದರಿನ ಖರ್ಚು, ಸಾಗಣೆ, ಇಳಿಯುವ ಬಂದರಿನ ಖರ್ಚು, ಕ್ಲಿಯರೆನ್ಸ್, ನಿಮ್ಮ ಬಾಗಿಲಿನ ತನಕದ ಲಾರಿ, ಈ ಐದನ್ನೂ ಎದುರುಬದುರು ಇಟ್ಟು ನೋಡಿ. ಒಂದು ಕಾಲಂ ಖಾಲಿ ಇದ್ದರೆ ಅದು ಉಚಿತ ಅಂತಲ್ಲ, ಆಮೇಲೆ ಬರುತ್ತದೆ ಅಂತ ಅರ್ಥ. ಸುಂಕ ಮತ್ತು ತೆರಿಗೆ ಈ ಯಾವುದರಲ್ಲೂ ಸೇರುವುದಿಲ್ಲ.

## ಹಂತ 3: ಹಡಗು ಹೊರಡುವ ಮುಂಚೆ ಕಾಗದ ಸರಿ ಮಾಡಿಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ದುಡ್ಡು ಉಳಿಯುವ ಹಂತ ಇದು. ಹೆಚ್ಚಿನವರು ಗಮನ ಕೊಡದ ಹಂತವೂ ಇದೇ.

ಮೊದಲು ಎಚ್‌ಎಸ್ ಕೋಡ್. ಪ್ರತಿ ವಸ್ತುವಿಗೂ ವಿಶ್ವ ಕಸ್ಟಮ್ಸ್ ಸಂಸ್ಥೆಯ ಪಟ್ಟಿಯಲ್ಲಿ ಆರು ಅಂಕಿಯ ಕೋಡ್ ಇದೆ. ಅದರ ಮುಂದಿನ ಅಂಕಿಗಳನ್ನು ಆಯಾ ದೇಶ ಸೇರಿಸಿಕೊಳ್ಳುತ್ತದೆ. ಸುಂಕದ ದರ ನಿಲ್ಲುವುದು ಈ ಕೋಡ್ ಮೇಲೆ. ನಮ್ಮ ಬಾಟಲಿಯನ್ನೇ ತಗೊಳ್ಳಿ. ಇನ್‌ವಾಯ್ಸಿನಲ್ಲಿ ಮಾರಾಟಗಾರ ಸುಮ್ನೆ ‘ಸ್ಟೀಲ್ ಬಾಟಲ್’ ಅಂತ ಬರೆದಿದ್ದಾನೆ. ಒಂದೇ ಗೋಡೆಯ ಸ್ಟೇನ್‌ಲೆಸ್ ಸ್ಟೀಲ್ ಬಾಟಲಿ ಅಡುಗೆಮನೆ ಸಾಮಾನಿನ ಜೊತೆ 7323 ಶೀರ್ಷಿಕೆಗೆ ಹೋಗುತ್ತದೆ. ಎರಡು ಗೋಡೆ ಇದ್ದು ನಡುವೆ ಗಾಳಿ ತೆಗೆದಿದ್ದರೆ ಅದು ವ್ಯಾಕ್ಯೂಮ್ ಫ್ಲಾಸ್ಕ್, 9617ಕ್ಕೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅಧಿಕಾರಿಗೆ ಅನುಮಾನ ಬಂದರೆ ಪೆಟ್ಟಿಗೆ ಬಿಚ್ಚಿಸುತ್ತಾರೆ, ತಯಾರಕರ ವಿವರಪಟ್ಟಿ ಕೇಳುತ್ತಾರೆ. ಅದು ಬರುವ ತನಕ ಸರಕು ನಿಲ್ಲುತ್ತದೆ.

ಕೋಡ್ ಹುಡುಕುವುದು ಕ್ಲಿಯರಿಂಗ್ ಏಜೆಂಟಿನ ಜಾಣತನ. ಆದರೆ ಬಾಟಲಿಗೆ ಎಷ್ಟು ಗೋಡೆ ಅಂತ ಹೇಳಬೇಕಾದವರು ನೀವು. ಘೋಷಣೆ ತಪ್ಪಾದರೆ ಕಡಿಮೆ ಬಿದ್ದ ಸುಂಕವನ್ನು ಇಲಾಖೆ ಕೇಳುವುದು ಸಾಮಾನ್ಯವಾಗಿ ಆಮದುದಾರನನ್ನೇ. ‘ಏಜೆಂಟ್ ಹಾಕಿದ ಕೋಡ್’ ಅನ್ನುವ ಉತ್ತರದಿಂದ ನೀವು ಪಾರಾಗುವುದಿಲ್ಲ. ಹಾಗಾಗಿ ವಸ್ತುವಿನ ಫೋಟೊ, ವಿವರಪಟ್ಟಿ ಎರಡನ್ನೂ ಹಡಗು ಹೊರಡುವ ಮುಂಚೆಯೇ ಏಜೆಂಟಿಗೆ ಕಳಿಸಿ. ಯಾವ ಕೋಡ್, ಎಷ್ಟು ಸುಂಕ, ಈ ವಸ್ತುವಿಗೆ ಪರವಾನಗಿ ಅಥವಾ ಪರೀಕ್ಷಾ ವರದಿ ಏನಾದರೂ ಬೇಕಾ ಅಂತ ಬರಹದಲ್ಲಿ ಉತ್ತರ ಪಡೆಯಿರಿ. ಪರವಾನಗಿ ಬೇಕು ಅಂತ ಸರಕು ಬಂದ ಮೇಲೆ ಗೊತ್ತಾದರೆ ತುಂಬಾ ಕಷ್ಟ.

ಎರಡನೆಯದು ಬಿಲ್ ಆಫ್ ಲೇಡಿಂಗ್. ಬಾಯಿಮಾತಲ್ಲಿ ಬಿಎಲ್. ಸರಕು ಪಡೆದದ್ದಕ್ಕೆ ರಸೀತಿ ಅದು, ಸಾಗಣೆಯ ಕರಾರಿಗೆ ಸಾಕ್ಷಿಯೂ ಅದೇ. ಹಂಚಿಕೆ ಸರಕಿನಲ್ಲಿ ಎರಡು ಬಿಎಲ್ ಇರುತ್ತವೆ. ಹಡಗು ಕಂಪನಿ ಪೂರ್ತಿ ಕಂಟೇನರಿಗೆ ಒಂದು ಮಾಸ್ಟರ್ ಬಿಎಲ್ ಕೊಡುತ್ತದೆ. ಅದರಲ್ಲಿ ಸರಕು ಪಡೆಯುವವರ ಜಾಗದಲ್ಲಿ ಇರುವುದು ಫಾರ್ವರ್ಡರಿನ ಏಜೆಂಟ್ ಹೆಸರು. ಫಾರ್ವರ್ಡರ್ ಅಥವಾ ಕಂಟೇನರ್ ತುಂಬಿಸುವ ಕಂಪನಿ ಪ್ರತಿ ಗ್ರಾಹಕನಿಗೂ ಒಂದೊಂದು ಹೌಸ್ ಬಿಎಲ್ ಕೊಡುತ್ತದೆ. ನಿಮ್ಮ ಹೆಸರು ಇರುವುದು ಅದರಲ್ಲಿ. ಹಡಗು ಕಂಪನಿಗೆ ನಿಮ್ಮ ಹೆಸರಲ್ಲಿ ಬುಕಿಂಗ್ ಕಾಣದೇ ಇರುವುದು ಇದಕ್ಕೇ.

ಬಿಎಲ್ ಕರಡು ಬಂದಾಗ ನಾಲ್ಕು ಕಡೆ ಕಣ್ಣಾಡಿಸಿ. ನಿಮ್ಮ ಹೆಸರು ಮತ್ತು ವಿಳಾಸ ನೋಂದಣಿಯಲ್ಲಿ ಇರುವ ಹಾಗೇ ಇದೆಯಾ? ಸರಕು ಬಂದಾಗ ತಿಳಿಸಬೇಕಾದವರ ಜಾಗದಲ್ಲಿ ನೀವು ದಿನಾ ನೋಡುವ ಇಮೇಲ್ ಇದೆಯಾ? ಅಲ್ಲಿ ಹಳೇ ಇಮೇಲ್ ಇದ್ದರೆ ಸರಕು ಬಂದ ಸೂಚನೆ ನಿಮಗೆ ಮುಟ್ಟದೇ ಹೋಗಬಹುದು. ಪೆಟ್ಟಿಗೆ ಸಂಖ್ಯೆ ಮತ್ತು ತೂಕ ಪ್ಯಾಕಿಂಗ್ ಲಿಸ್ಟಿಗೆ ಹೊಂದುತ್ತದಾ? ಬಿಎಲ್‌ನಲ್ಲಿ 720 ಕಿಲೋ, ಪ್ಯಾಕಿಂಗ್ ಲಿಸ್ಟಿನಲ್ಲಿ 702 ಕಿಲೋ ಅಂತಿದ್ದರೆ ಟೈಪಿಂಗ್ ತಪ್ಪು ಅಂತ ನಿಮಗೆ ಗೊತ್ತು, ಕಸ್ಟಮ್ಸ್‌ಗೆ ಅದು ಪ್ರಶ್ನೆ. ಹಡಗು ಹೊರಡುವ ಮುಂಚೆ ಇದನ್ನು ತಿದ್ದಲು ಒಂದು ಇಮೇಲ್ ಸಾಕು. ಆಮೇಲೆ ತಿದ್ದುಪಡಿಗೆ ಶುಲ್ಕ, ಜೊತೆಗೆ ದಿನಗಳ ಕಾಯುವಿಕೆ.

ನಾಲ್ಕನೆಯದು, ಸರಕನ್ನು ಹೇಗೆ ಎಣಿಸಿದ್ದಾರೆ ಅನ್ನುವುದು. ‘2 ಪ್ಯಾಲೆಟ್’ ಅಂತ ಬರೆದಿದ್ದರೆ ‘2 ಪ್ಯಾಲೆಟ್‌ನಲ್ಲಿ 40 ಪೆಟ್ಟಿಗೆ’ ಅಂತ ಮಾಡಿಸಿ. ಯಾಕೆ ಅನ್ನುವುದು ಕೊನೆಯ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 4: ಸರಕು ಬಂದ ಮೇಲೆ ಎರಡು ಬಿಡುಗಡೆ

ಬ್ಯಾಂಕ್ ಲಾಕರ್ ತೆರೆಯಲು ಬ್ಯಾಂಕಿನ ಕೀಲಿಯೂ ಬೇಕು, ನಿಮ್ಮ ಕೀಲಿಯೂ ಬೇಕು. ಬಂದರಿನ ಗೋದಾಮೂ ಹಾಗೆಯೇ, ಎರಡು ಬಿಡುಗಡೆ ಸೇರಿದರೆ ಮಾತ್ರ ಸರಕು ಹೊರಗೆ ಬರುತ್ತದೆ.

ಒಂದು ಸಾಗಣೆಯ ಕಡೆಯ ಬಿಡುಗಡೆ. ಅದಕ್ಕೆ ಡೆಲಿವರಿ ಆರ್ಡರ್ ಅನ್ನುತ್ತಾರೆ. ಇದು ಸರಪಳಿಯಂತೆ ಬರುತ್ತದೆ. ಮೊದಲು ಫಾರ್ವರ್ಡರಿನ ಏಜೆಂಟ್ ಮಾಸ್ಟರ್ ಬಿಎಲ್ ಮೇಲೆ ಹಡಗು ಕಂಪನಿಯಿಂದ ಕಂಟೇನರ್ ಬಿಡಿಸಿಕೊಳ್ಳುತ್ತಾರೆ. ಕಂಟೇನರ್ ಗೋದಾಮಿಗೆ ಹೋಗಿ, ಬಿಚ್ಚಿ, ಪ್ರತಿಯೊಬ್ಬರ ಸರಕು ಬೇರೆ ಆಗುತ್ತದೆ. ಆಮೇಲೆ ನೀವು ಹೌಸ್ ಬಿಎಲ್ ಒಪ್ಪಿಸಿ, ಅವರ ಖರ್ಚು ಕಟ್ಟಿದರೆ ನಿಮ್ಮ ಡೆಲಿವರಿ ಆರ್ಡರ್ ಸಿಗುತ್ತದೆ.

ಇನ್ನೊಂದು ಕಸ್ಟಮ್ಸ್ ಬಿಡುಗಡೆ. ಏಜೆಂಟ್ ಘೋಷಣೆ ಹಾಕಿ, ಸುಂಕ ಕಟ್ಟಿಸಿ, ಪರಿಶೀಲನೆ ಇದ್ದರೆ ಮುಗಿಸಿ ತರುವುದು ಇದು. ಸುಂಕ ಲೆಕ್ಕ ಹಾಕಲು ಅನೇಕ ದೇಶಗಳಲ್ಲಿ ಸಾಗಣೆ ಮತ್ತು ವಿಮೆಯ ಖರ್ಚನ್ನೂ ಸರಕಿನ ಬೆಲೆಗೆ ಸೇರಿಸುತ್ತಾರೆ. ಅಂದರೆ ಫಾರ್ವರ್ಡರಿನ ಸಾಗಣೆ ಬಿಲ್ ಇಲ್ಲದೆ ಏಜೆಂಟ್ ಕೆಲಸ ಮುಗಿಸಲಾರರು. ಇಬ್ಬರೂ ಬೇರೆ ಕಂಪನಿಯವರಾದರೆ ಈ ಒಂದು ಕಾಗದ ನಡುವೆ ಸಿಕ್ಕಿಕೊಳ್ಳುವುದು ತುಂಬಾ ಸಾಮಾನ್ಯ. ಇಬ್ಬರಿಗೂ ಒಂದೇ ಇಮೇಲ್ ಹಾಕಿ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕೊಡಿ.

ಸಾಗಣೆಯ ಕಡೆ ಜಾಸ್ತಿ ತಡ ಆಗುವುದು ಮೂಲ ಬಿಎಲ್‌ನಿಂದ. ಮಾರಾಟಗಾರ ಪೂರ್ತಿ ಹಣ ಬರುವ ತನಕ ಮೂಲ ಪ್ರತಿಯನ್ನು ಕೈಲಿ ಹಿಡಿದುಕೊಂಡಿರುತ್ತಾನೆ, ಅದು ಅವನ ಭದ್ರತೆ. ಹಣ ಕಳಿಸಿದ ಮೇಲೆ ಕೊರಿಯರ್ ಬರಬೇಕು. ಹಡಗಿನ ದಾರಿ ಚಿಕ್ಕದಾದರೆ ಸರಕೇ ಮೊದಲು ಬಂದುಬಿಡುತ್ತದೆ. ಇದಕ್ಕೆ ದಾರಿ ಟೆಲೆಕ್ಸ್ ರಿಲೀಸ್. ಮಾರಾಟಗಾರ ಮೂಲ ಪ್ರತಿಯನ್ನು ತನ್ನ ಊರಿನಲ್ಲೇ ಫಾರ್ವರ್ಡರಿಗೆ ಒಪ್ಪಿಸುತ್ತಾನೆ, ಅಲ್ಲಿಂದ ಇಲ್ಲಿನ ಏಜೆಂಟಿಗೆ ಸಂದೇಶ ಬರುತ್ತದೆ, ಕಾಗದ ಪ್ರಯಾಣ ಮಾಡಬೇಕಿಲ್ಲ. ಹಣ ಸಂದಾಯ ಮುಗಿದಿದ್ದರೆ ಇದನ್ನೇ ಕೇಳಿ.

ಸರಕು ನಿಂತಾಗ ಹೀಗೆ ಪತ್ತೆ ಮಾಡಿ. ಮೊದಲು ಫಾರ್ವರ್ಡರಿಗೆ ಎರಡು ಪ್ರಶ್ನೆ: ಕಂಟೇನರ್ ಬಿಚ್ಚಿ ಆಯ್ತಾ? ಡೆಲಿವರಿ ಆರ್ಡರ್ ಕೊಡಲು ನನ್ನಿಂದ ಏನು ಬಾಕಿ? ಆಮೇಲೆ ಏಜೆಂಟಿಗೆ ಎರಡು: ಘೋಷಣೆಯ ನಂಬರ್ ಎಷ್ಟು? ಅದು ಈಗ ಯಾವ ಹಂತದಲ್ಲಿದೆ? ನಂಬರ್ ಕೊಡಲಾಗದಿದ್ದರೆ ಘೋಷಣೆ ಇನ್ನೂ ಹಾಕಿಲ್ಲ ಅಂತ ತಿಳಿಯಿರಿ, ‘ಕಸ್ಟಮ್ಸ್‌ನಲ್ಲಿದೆ’ ಅನ್ನುವ ಮಾತಿಗೆ ಸಮಾಧಾನ ಆಗಬೇಡಿ. ಎಷ್ಟೋ ದೇಶಗಳಲ್ಲಿ ಹಡಗು ಮುಟ್ಟುವ ಮುಂಚೆಯೇ ಘೋಷಣೆ ಹಾಕಲು ಅವಕಾಶ ಇದೆ. ನಿಮ್ಮಲ್ಲಿ ಇದ್ದರೆ ಬಳಸಿಕೊಳ್ಳಿ.

ಈ ಅವಸರ ಯಾಕೆಂದರೆ ಉಚಿತ ದಿನಗಳು ಓಡುತ್ತಿರುತ್ತವೆ. ಹಂಚಿಕೆ ಸರಕಿನಲ್ಲಿ ಅವು ಮುಗಿದ ಮೇಲೆ ಗೋದಾಮಿನ ಬಾಡಿಗೆ ಶುರು. ಪೂರ್ತಿ ಕಂಟೇನರ್ ತರಿಸಿದರೆ ಹಡಗು ಕಂಪನಿಯ ಎರಡು ಶುಲ್ಕ ಸೇರಿಕೊಳ್ಳುತ್ತವೆ. ತುಂಬಿದ ಕಂಟೇನರ್ ಬಂದರಿನಲ್ಲೇ ಉಳಿದರೆ ಡೆಮರೇಜ್, ಹೊರಗೆ ತಂದ ಕಂಟೇನರನ್ನು ಖಾಲಿ ಮಾಡಿ ತಡವಾಗಿ ಹಿಂತಿರುಗಿಸಿದರೆ ಡಿಟೆನ್ಷನ್. ಎಷ್ಟು ದಿನ ಉಚಿತ, ಯಾವ ದಿನದಿಂದ ಎಣಿಕೆ ಅಂತ ಕೊಟೇಷನ್‌ನಲ್ಲೇ ಬರೆಸಿ.

ಏಜೆಂಟ್ ನಿಮ್ಮ ಪರ ಸುಂಕ ಕಟ್ಟಿದ್ದರೆ ಸರ್ಕಾರಿ ರಸೀತಿ ಕೇಳಿ ಪಡೆಯಿರಿ. ಅವರ ಸೇವಾ ಶುಲ್ಕ, ಸುಂಕ ಎರಡೂ ಒಂದೇ ಸಾಲಿನಲ್ಲಿ ಬರಬಾರದು. ಸುಂಕವನ್ನು ನೀವೇ ನೇರ ಕಟ್ಟುವ ವ್ಯವಸ್ಥೆ ಇದ್ದರೆ ಅದೇ ವಾಸಿ.

## ಹಂತ 5: ಪೆಟ್ಟಿಗೆ ಒದ್ದೆಯಾಗಿ ಬಂದರೆ

ಸರಕು ಬಂತು, ಒಂದು ಪ್ಯಾಲೆಟ್ ಪೂರ್ತಿ ನೆನೆದಿದೆ. 20 ಪೆಟ್ಟಿಗೆ ಹಾಳು. ಯಾರು ಹೊಣೆ?

ಕ್ಲಿಯರಿಂಗ್ ಏಜೆಂಟ್ ಅಲ್ಲ, ಅವರು ಸಾಗಿಸಿಲ್ಲ. ಫಾರ್ವರ್ಡರ್ ಹೊಣೆಯೋ ಅಲ್ಲವೋ ಅನ್ನುವುದಕ್ಕೆ ಹೌಸ್ ಬಿಎಲ್ ಕೆಳಗಿನ ಸಹಿ ನೋಡಿ. ಅವರೇ ಕ್ಯಾರಿಯರ್ ಎಂದು ಸಹಿ ಹಾಕಿದ್ದರೆ, ಹಡಗು ಅವರದಲ್ಲದಿದ್ದರೂ ನಿಮ್ಮ ಪಾಲಿಗೆ ಅವರೇ ಕ್ಯಾರಿಯರ್. ಬೇರೆ ಕಂಪನಿಯ ಹೆಸರು ಹಾಕಿ ಅದರ ಏಜೆಂಟ್ ಎಂದು ಸಹಿ ಮಾಡಿದ್ದರೆ ಕ್ಲೈಮ್ ಹೋಗಬೇಕಾದ್ದು ಆ ಕಂಪನಿಗೆ.

ಸರಕು ಇಳಿಸಿಕೊಳ್ಳುವಾಗಲೇ ಡೆಲಿವರಿ ಚೀಟಿಯ ಮೇಲೆ ‘20 ಪೆಟ್ಟಿಗೆ ನೆನೆದಿವೆ’ ಅಂತ ಬರೆದು ಸಹಿ ಹಾಕಿ. ಫೋಟೊ ತೆಗೆಯಿರಿ. ಸುಮ್ನೆ ಸಹಿ ಹಾಕಿದರೆ ಸರಕು ಚೆನ್ನಾಗಿತ್ತು ಅಂತ ನೀವೇ ಒಪ್ಪಿದ ಹಾಗೆ ಕಾಣುತ್ತದೆ. ಸಮುದ್ರ ಸಾಗಣೆಗೆ ಅನೇಕ ದೇಶಗಳು ಪಾಲಿಸುವ ಹೇಗ್-ವಿಸ್ಬಿ ನಿಯಮದಲ್ಲಿ, ಹೊರಗೆ ಕಾಣದ ಹಾನಿಯನ್ನು 3 ದಿನದ ಒಳಗೆ ಬರಹದಲ್ಲಿ ತಿಳಿಸಬೇಕು. ದಾವೆ ಹೂಡಲು ಗಡುವು 1 ವರ್ಷ.

ಇದೇ ನಿಯಮದಲ್ಲಿ ಕ್ಯಾರಿಯರ್ ಕೊಡಬೇಕಾದ ಪರಿಹಾರಕ್ಕೆ ಮಿತಿ ಇದೆ. ಒಂದು ಪೊಟ್ಟಣಕ್ಕೆ 666.67 ಎಸ್‌ಡಿಆರ್ ಅಥವಾ ಒಂದು ಕಿಲೋಗೆ 2 ಎಸ್‌ಡಿಆರ್, ಯಾವುದು ಜಾಸ್ತಿಯೋ ಅದು. ಎಸ್‌ಡಿಆರ್ ಅನ್ನುವುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಈಗ ಬಿಎಲ್ ತೆಗೆದು ನೋಡಿ. ಬರೀ ‘2 ಪ್ಯಾಲೆಟ್’ ಅಂತಿದ್ದರೆ ನೆನೆದದ್ದು ಒಂದೇ ಪೊಟ್ಟಣ. ತೂಕ 360 ಕಿಲೋ, ಆ ಲೆಕ್ಕದಲ್ಲಿ ಮಿತಿ 720 ಎಸ್‌ಡಿಆರ್. ‘2 ಪ್ಯಾಲೆಟ್‌ನಲ್ಲಿ 40 ಪೆಟ್ಟಿಗೆ’ ಅಂತಿದ್ದರೆ ನೆನೆದದ್ದು 20 ಪೊಟ್ಟಣ, ಮಿತಿ ಸುಮಾರು 13,333 ಎಸ್‌ಡಿಆರ್. ಇದು ಗರಿಷ್ಠ ಮಿತಿ ಮಾತ್ರ, ಸಿಗುವುದು ನಿಜವಾದ ನಷ್ಟದಷ್ಟೇ. ಆದರೂ ಕರಡಿನಲ್ಲಿ ಸೇರಿಸಿದ ಎರಡು ಪದಕ್ಕೆ ಇಷ್ಟು ವ್ಯತ್ಯಾಸ.

ಬಿರುಗಾಳಿಯಂಥ ಸಮುದ್ರದ ಅಪಾಯದಿಂದ ಹಾನಿಯಾಗಿದ್ದರೆ ಕ್ಯಾರಿಯರ್ ಪೂರ್ತಿ ಹೊಣೆಯಿಂದಲೇ ತಪ್ಪಿಸಿಕೊಳ್ಳಬಹುದು. ಅದಕ್ಕೆ ಸರಕಿನ ವಿಮೆ ಬೇರೆಯಾಗಿಯೇ ಇರಬೇಕು. ಫಾರ್ವರ್ಡರ್ ‘ನಮಗೆ ವಿಮೆ ಇದೆ’ ಅಂದರೆ ಅದು ಬಹುತೇಕ ಅವರ ಹೊಣೆಗೆ ಮಾಡಿಸಿದ ವಿಮೆ, ನಿಮ್ಮ ಬಾಟಲಿಗಲ್ಲ. ಪಾಲಿಸಿಯಲ್ಲಿ ನಿಮ್ಮ ಹೆಸರು, ಈ ಸರಕು, ಇದರ ಬೆಲೆ ಇದೆಯಾ ಅಂತ ಹಡಗು ಹೊರಡುವ ಮುಂಚೆ ನೋಡಿಕೊಳ್ಳಿ. ಸಿಐಎಫ್‌ನಲ್ಲಿ ಮಾರಾಟಗಾರ ಮಾಡಿಸುವ ವಿಮೆ ಸಾಮಾನ್ಯವಾಗಿ ಕನಿಷ್ಠ ಮಟ್ಟದ್ದು. ಎಫ್‌ಒಬಿ, ಸಿಐಎಫ್‌ನಂಥ ಷರತ್ತುಗಳ ಅರ್ಥ ಹೇಳುವ ಅಂತರರಾಷ್ಟ್ರೀಯ ನಿಯಮಾವಳಿ ಇನ್‌ಕೋಟರ್ಮ್ಸ್ 2020 ಅವನಿಂದ ಕೇಳುವುದು ಅಷ್ಟನ್ನೇ. ಜಾಸ್ತಿ ರಕ್ಷಣೆ ಬೇಕಾದರೆ ಮಾರಾಟದ ಕರಾರಿನಲ್ಲೇ ಬರೆಸಬೇಕು, ಇಲ್ಲವೇ ನೀವೇ ಮಾಡಿಸಬೇಕು. ವಿಮೆ ಇದ್ದರೂ ಕ್ಯಾರಿಯರಿಗೆ ಬರಹದ ನೋಟಿಸ್ ಕೊಡುವುದನ್ನು ಬಿಡಬೇಡಿ. ವಿಮೆ ಕಂಪನಿ ಕ್ಲೈಮ್ ಫಾರಂ ಜೊತೆ ಕೇಳುವ ಕಾಗದಗಳಲ್ಲಿ ಅದರ ಪ್ರತಿಯೂ ಇರುತ್ತದೆ.